ಫಲಿತಾಂಶದ ದಿನ ಅಂಕಪಟ್ಟಿಯನ್ನು ಓದುವ ಬಗೆ

ಇವತ್ತು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಿದೆ. 625ಕ್ಕೆ 625 ತೆಗೆದ ಮಕ್ಕಳ ಮನೆಗೆ ಈಗಾಗಲೇ ಸಿಹಿ ಬಂದಿರುತ್ತದೆ, ಹಾರ ಬಂದಿರುತ್ತದೆ. ಅವರಿಗೆ ನನ್ನ ಅಭಿನಂದನೆ. ನಾನು ಮಾತನಾಡಬೇಕೆಂದಿರುವುದು ಅಂಕ ಕಡಿಮೆ ಬಂದವರ ಜೊತೆ, ಒಂದೆರಡು ವಿಷಯದಲ್ಲಿ ಫೇಲಾದವರ ಜೊತೆ, ಮತ್ತು ಅವರ ಅಪ್ಪ ಅಮ್ಮಂದಿರ ಜೊತೆ. ಪ್ರೌಢಶಾಲೆಯಲ್ಲಿ ಬಹುಕಾಲ ಗಣಿತ ಹೇಳಿಕೊಟ್ಟವನು ನಾನು. ಈ ದಿನ ಮನೆಗಳಲ್ಲಿ ಏನು ನಡೆಯುತ್ತದೆಂದು ಬಲ್ಲೆ.

ಮೊದಲು ದೊಡ್ಡವರಿಗೆ ಒಂದು ಮಾತು. ಮಗು ಬಾಗಿಲು ಹಾಕಿಕೊಂಡು ಕೂತಿದ್ದರೆ, ಊಟ ಬೇಡ ಎನ್ನುತ್ತಿದ್ದರೆ, ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತು ಬಾಯಲ್ಲಿ ಬಂದಿದ್ದರೆ, ಇವತ್ತು ರಾತ್ರಿ ಅವರನ್ನು ಒಂಟಿಯಾಗಿ ಬಿಡಬೇಡಿ. ಅಕ್ಕಪಕ್ಕದವರ ಮಕ್ಕಳ ಅಂಕ ಇವತ್ತು ನಿಮ್ಮ ಮನೆಯೊಳಗೆ ಬರುವುದು ಬೇಡ. 14416 ಎಂಬ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಇದು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ಹಗಲು ರಾತ್ರಿ ಕೆಲಸ ಮಾಡುತ್ತದೆ, ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳೇ ನೇರವಾಗಿ ಕರೆ ಮಾಡಬಹುದು, ನೀವೂ ಮಾಡಬಹುದು. ಮಗುವಿಗೆ ಏನೋ ಆಗಿದೆ ಎಂದು ಖಚಿತವಾಗುವವರೆಗೆ ಕಾಯಬೇಕಿಲ್ಲ. ಹೇಗೆ ಮಾತನಾಡಿಸಲಿ ಎಂದು ಕೇಳುವುದಕ್ಕೂ ಆ ಸಂಖ್ಯೆ ಇದೆ.

ಈಗ ಅಂಕಪಟ್ಟಿಗೆ ಬರೋಣ. ಈ ಕಾಗದದ ಬಗ್ಗೆ ಮನೆಯಲ್ಲಿ ಬೇಕಾದಷ್ಟು ಮಾತಾಗುತ್ತದೆ, ಅದನ್ನು ಸಾವಧಾನವಾಗಿ ಓದುವವರು ಮಾತ್ರ ಕಡಿಮೆ. ಕೊನೆಯ ಸಾಲಿನ ಫೇಲ್ ಎಂಬ ಪದ ನೋಡಿ ಮಡಚಿಡುತ್ತಾರೆ. ಆದರೆ ಮುಂದಿನ ಹತ್ತು ಹನ್ನೆರಡು ದಿನ ಏನು ಮಾಡಬೇಕು ಎಂಬುದಕ್ಕೆ ಬೇಕಾದ ಮಾಹಿತಿಯೆಲ್ಲ ಆ ಸಾಲಿನ ಮೇಲೆಯೇ ಇದೆ.

ಆರು ವಿಷಯ, ಒಟ್ಟು 625 ಅಂಕ. ಪ್ರಥಮ ಭಾಷೆಗೆ 125. ಅದರಲ್ಲಿ 100 ಲಿಖಿತ ಪರೀಕ್ಷೆಗೆ, 25 ಶಾಲೆಯಲ್ಲೇ ಕೊಡುವ ಆಂತರಿಕ ಮೌಲ್ಯಮಾಪನಕ್ಕೆ. ಉಳಿದ ಐದು ವಿಷಯಕ್ಕೆ ತಲಾ 100. ಅದರಲ್ಲಿ ಲಿಖಿತಕ್ಕೆ 80, ಆಂತರಿಕಕ್ಕೆ 20. ಬಹಳ ವರ್ಷ ಪಾಸಿಗೆ ಶೇ 35 ಬೇಕಿತ್ತು. 2025-26ರ ಸಾಲಿನಿಂದ ಅದನ್ನು ಬದಲಿಸಿದ್ದಾರೆ. ಈಗ ಒಟ್ಟಾರೆ ಶೇ 33, ಅಂದರೆ 625ಕ್ಕೆ 206 ಬರಬೇಕು. ಜೊತೆಗೆ ಪ್ರತಿ ವಿಷಯದಲ್ಲೂ ಲಿಖಿತ, ಆಂತರಿಕ ಎರಡೂ ಸೇರಿ ಕನಿಷ್ಠ ಶೇ 30 ಇರಬೇಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾಸನ ಜಿಲ್ಲೆಯ ಒಂದು ಹಳ್ಳಿಯ ಹುಡುಗಿ, ಕನ್ನಡ ಮಾಧ್ಯಮದವಳು ಎಂದುಕೊಳ್ಳಿ. ಕನ್ನಡದಲ್ಲಿ 85, ಇಂಗ್ಲಿಷಿನಲ್ಲಿ 42, ಹಿಂದಿಯಲ್ಲಿ 55, ಸಮಾಜ ವಿಜ್ಞಾನದಲ್ಲಿ 51 ಬಂದಿದೆ. ವಿಜ್ಞಾನ 28, ಗಣಿತ 26. ಒಟ್ಟು 287. ಒಟ್ಟಿನ ಲೆಕ್ಕದಲ್ಲಿ ಅವಳು 206ರ ಗೆರೆಯನ್ನು ಆರಾಮವಾಗಿ ದಾಟಿದ್ದಾಳೆ. ತೊಡಕಿರುವುದು ಎರಡೇ ಕಡೆ, ವಿಜ್ಞಾನದಲ್ಲಿ ಎರಡು ಅಂಕ, ಗಣಿತದಲ್ಲಿ ನಾಲ್ಕು ಅಂಕ. ಆದರೂ ಮನೆಯಲ್ಲಿ ‘ಇವಳಿಗೆ ಓದು ಹತ್ತುವುದಿಲ್ಲ’ ಎಂಬ ತೀರ್ಮಾನ ಆಗಲೇ ಆಗಿಬಿಟ್ಟಿರುತ್ತದೆ. ಕನ್ನಡದಲ್ಲಿ 125ಕ್ಕೆ 85 ತೆಗೆದವಳಿಗೆ ಓದು ಹತ್ತುವುದಿಲ್ಲ ಎಂದರೆ ಆ ಮಾತಿಗೆ ಅಂಕಪಟ್ಟಿಯಲ್ಲೇ ಆಧಾರವಿಲ್ಲ.

ಇನ್ನೂ ಒಂದು ಹೆಜ್ಜೆ ಒಳಗೆ ಹೋಗಬೇಕು. ಆ 26, 28 ಹೇಗೆ ಬಂದವು? ಲಿಖಿತದಲ್ಲಿ ಎಷ್ಟು, ಆಂತರಿಕದಲ್ಲಿ ಎಷ್ಟು ಎಂಬುದು ನಿಮಗೆ ಬೇರೆಬೇರೆಯಾಗಿ ಕಾಣದಿದ್ದರೆ ಶಾಲೆಯಲ್ಲಿ ಕೇಳಿ. ಆಂತರಿಕ ಅಂಕ ಪರೀಕ್ಷಾ ಮಂಡಳಿಗೆ ಹೋಗಿರುವುದು ಶಾಲೆಯಿಂದಲೇ. ನಮ್ಮ ಹುಡುಗಿಗೆ ಗಣಿತದಲ್ಲಿ ಆಂತರಿಕ 18, ಲಿಖಿತ 8 ಎಂದುಕೊಳ್ಳೋಣ. ವಿಜ್ಞಾನದಲ್ಲಿ ಆಂತರಿಕ 17, ಲಿಖಿತ 11. ಇಲ್ಲಿ ಮೃದುವಾಗಿ ಮಾತನಾಡಿ ಸತ್ಯವನ್ನು ಮರೆಮಾಡಿದರೆ ಅವಳಿಗೇ ನಷ್ಟ. 80ಕ್ಕೆ 8 ಬಂದಿದೆ ಎಂದರೆ ಗಣಿತದ ಹೆಚ್ಚಿನ ಪಾಠ ಅವಳಿಗೆ ಮುಟ್ಟಿಲ್ಲ. ಅದರ ಕಾರಣ ಎಷ್ಟೋ ಸಲ ಹತ್ತನೇ ತರಗತಿಯಲ್ಲಿ ಇರುವುದೇ ಇಲ್ಲ. ಭಿನ್ನರಾಶಿ, ಋಣ ಸಂಖ್ಯೆ, ಸಮೀಕರಣದಲ್ಲಿ ಪದವನ್ನು ಆ ಕಡೆಯಿಂದ ಈ ಕಡೆಗೆ ತರುವುದು, ಇವು ಆರು, ಏಳು, ಎಂಟನೇ ತರಗತಿಯ ವಿಷಯಗಳು. ಅಲ್ಲಿ ತಪ್ಪಿದ್ದು ಹತ್ತರಲ್ಲಿ ಅಂಕವಾಗಿ ಕಾಣಿಸುತ್ತದೆ. ಪಾಸಿಗೆ ನಾಲ್ಕೇ ಅಂಕ ಸಾಕು ಎಂಬುದೂ ನಿಜ, ಗಣಿತ ಬಂದಿಲ್ಲ ಎಂಬುದೂ ನಿಜ. ಎರಡನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಂಡರೆ ಮುಂದಿನ ನಿರ್ಧಾರ ಸರಿಯಾಗುತ್ತದೆ.

ಪಾಸು, ಫೇಲು ಎಂಬ ಗೆರೆಯೇ ಒಂದೇ ಕಡೆ ನಿಲ್ಲುವುದಿಲ್ಲ ಎಂಬುದನ್ನೂ ತಿಳಿದಿರಿ. 2023ರಲ್ಲಿ ರಾಜ್ಯದಲ್ಲಿ ಶೇ 83.89 ಮಕ್ಕಳು ಪಾಸಾಗಿದ್ದರು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ನಿಗಾ ಬಿಗಿಯಾಯಿತು. ಆ ವರ್ಷ ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. 2025ರಲ್ಲಿ ಶೇ 66.14. ಎರಡು ವರ್ಷದಲ್ಲಿ ನಾಡಿನ ಮಕ್ಕಳ ಬುದ್ಧಿ ಅಷ್ಟು ಕುಸಿಯಲು ಸಾಧ್ಯವಿಲ್ಲ. ಪರೀಕ್ಷೆ ನಡೆಸುವ ರೀತಿ ಬದಲಾಯಿತು, ನಿಯಮ ಬದಲಾಯಿತು. 2025ರಲ್ಲಿ ಲೆಕ್ಕ ಹಾಕಿದ್ದರೆ ಫೇಲಾಗುತ್ತಿದ್ದ ಅದೇ ಅಂಕಪಟ್ಟಿ ಮರುವರ್ಷದ ನಿಯಮದಲ್ಲಿ ಪಾಸಾಗಬಹುದು. ಹಾಗಾಗಿ ಫೇಲ್ ಎಂಬ ಪದವನ್ನು ಮಗುವಿನ ಯೋಗ್ಯತೆಯ ಅಳತೆಯೆಂದು ಯಾರೂ ತಿಳಿಯಬಾರದು.

ಈಗ ಏನು ಮಾಡಬಹುದು? ಎರಡು ದಾರಿ ಒಟ್ಟಿಗೇ ತೆರೆಯುತ್ತವೆ. ಒಂದು, ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ನೋಡುವುದು, ಬೇಕಾದರೆ ಮರುಎಣಿಕೆ ಅಥವಾ ಮರುಮೌಲ್ಯಮಾಪನಕ್ಕೆ ಹಾಕುವುದು. ಇನ್ನೊಂದು, ಪರೀಕ್ಷೆ-2 ಬರೆಯುವುದು. ಹೆಚ್ಚಿನವರು ಎಡವುವುದು ಇವೆರಡರ ನಡುವೆ. ಮರುಮೌಲ್ಯಮಾಪನದ ಫಲಿತಾಂಶ ಬರಲಿ, ಆಮೇಲೆ ನೋಡೋಣ ಎಂದು ಪರೀಕ್ಷೆ-2ರ ನೋಂದಣಿಯನ್ನು ಬಿಟ್ಟುಬಿಡುತ್ತಾರೆ. ದಿನಗಳು ಎಷ್ಟು ಹತ್ತಿರವಿರುತ್ತವೆ ನೋಡಿ. 2025ರಲ್ಲಿ ಫಲಿತಾಂಶ ಬಂದದ್ದು ಮೇ 2ಕ್ಕೆ, ಪರೀಕ್ಷೆ-2 ಶುರುವಾದದ್ದು ಮೇ 26ಕ್ಕೆ. ನಡುವೆ ಇದ್ದದ್ದು ಮೂರೂವರೆ ವಾರ. ನೋಂದಣಿಯ ಕೊನೆಯ ದಿನ ಅದಕ್ಕಿಂತ ಬಹಳ ಮುಂಚೆಯೇ ಮುಗಿದಿರುತ್ತದೆ. ಆದ್ದರಿಂದ ಎರಡಕ್ಕೂ ಅರ್ಜಿ ಹಾಕಿ. ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿದ ಮಾತ್ರಕ್ಕೆ ಪರೀಕ್ಷೆ-2 ಬರೆಯಬಾರದು ಎಂದೇನೂ ಇಲ್ಲ.

ಪರೀಕ್ಷೆ-2ರ ನೋಂದಣಿ ನಿಮ್ಮ ಶಾಲೆಯ ಮೂಲಕ ಆಗುತ್ತದೆ. ನಾಳೆ ಬೆಳಿಗ್ಗೆಯೇ ಮುಖ್ಯ ಶಿಕ್ಷಕರನ್ನು ಕಾಣಿ. ಈ ವರ್ಷದ ದಿನಾಂಕ, ಶುಲ್ಕ ಎರಡೂ ಮಂಡಳಿಯ ಸುತ್ತೋಲೆಯಲ್ಲಿ ಇರುತ್ತವೆ, kseab.karnataka.gov.in ಎಂಬ ಜಾಲತಾಣದಲ್ಲಿ ಅದನ್ನು ನೀವೇ ನೋಡಬಹುದು. ಫೇಲಾದ ವಿಷಯಗಳನ್ನಷ್ಟೇ ಬರೆದರೆ ಸಾಕು. ಪಾಸಾಗಿದ್ದು ಅಂಕ ಸಾಲದು ಅನ್ನಿಸಿದವರೂ ಬರೆಯಬಹುದು. 2024ರಿಂದ ಬಂದ ಈ ವ್ಯವಸ್ಥೆಯಲ್ಲಿ ನನಗೆ ತುಂಬ ಮೆಚ್ಚುಗೆಯಾದ ಅಂಶವೆಂದರೆ, ಯಾವ ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದಿದೆಯೋ ಅದನ್ನೇ ಉಳಿಸಿಕೊಡುತ್ತಾರೆ. ಎರಡನೇ ಸಲ ಕಡಿಮೆ ಬಂದರೆ ಮೊದಲಿನದು ಹಾಗೇ ಇರುತ್ತದೆ. ಬರೆಯುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಹಿಂದೆ ಒಂದು ವಿಷಯ ಹೋದರೆ ಮಕ್ಕಳ ಒಂದಿಡೀ ವರ್ಷ ಹೋಗುವ ಭಯವಿತ್ತು. ಈಗ ಪರೀಕ್ಷೆ-2ರಲ್ಲಿ ಪಾಸಾದವರು ಅದೇ ವರ್ಷ ಪಿಯುಸಿಗೋ ಡಿಪ್ಲೊಮಾಗೋ ಹೋಗಲಿ ಎಂಬುದೇ ಉದ್ದೇಶ.

ಸ್ಕ್ಯಾನ್ ಪ್ರತಿಯ ವಿಷಯಕ್ಕೆ ಬರುತ್ತೇನೆ. ಮರುಎಣಿಕೆಯಾಗಲಿ ಮರುಮೌಲ್ಯಮಾಪನವಾಗಲಿ, ಮೊದಲು ಸ್ಕ್ಯಾನ್ ಪ್ರತಿ ಪಡೆಯಬೇಕು. ಪ್ರತಿ ಕೈಗೆ ಬಂದಾಗ ಆ ವಿಷಯದ ಮೇಷ್ಟರನ್ನು ಪಕ್ಕಕ್ಕೆ ಕೂರಿಸಿಕೊಂಡು, ಮಂಡಳಿ ಪ್ರಕಟಿಸಿರುವ ಮಾದರಿ ಉತ್ತರಗಳನ್ನು ಎದುರಿಗಿಟ್ಟುಕೊಂಡು ನೋಡಿ. ಬರೆದ ಉತ್ತರಕ್ಕೆ ಅಂಕವನ್ನೇ ಹಾಕದೆ ಪುಟ ತಿರುಗಿಸಿದ್ದಾರೆಯೇ? ಒಳಗೆ ಹಾಕಿದ ಅಂಕ ಮೊದಲ ಪುಟದ ಪಟ್ಟಿಗೆ ಸರಿಯಾಗಿ ಬಂದಿದೆಯೇ, ಕೂಡಿದ್ದು ಸರಿಯಿದೆಯೇ? ಇವೆರಡೂ ಮರುಎಣಿಕೆಯಲ್ಲಿ ಸರಿಹೋಗುವಂಥವು. ಗಣಿತದಲ್ಲಿ ಕೊನೆಯ ಉತ್ತರ ತಪ್ಪಾದರೂ ನಡುವಿನ ಹಂತಗಳಿಗೆ ಅಂಕವಿರುತ್ತದೆ. ಸೂತ್ರ ಬರೆದು, ಬೆಲೆಗಳನ್ನು ಹಾಕಿ, ಕೊನೆಯಲ್ಲಿ ಗುಣಾಕಾರ ತಪ್ಪಿದವನಿಗೆ ಸೊನ್ನೆ ಕೊಟ್ಟಿದ್ದರೆ ಅದು ಮರುಮೌಲ್ಯಮಾಪನಕ್ಕೆ ಯೋಗ್ಯವಾದ ಪ್ರಶ್ನೆ. ‘ನಾನು ಚೆನ್ನಾಗಿ ಬರೆದಿದ್ದೆ’ ಎಂಬ ಭಾವನೆಯೊಂದರ ಮೇಲೆ ಹಣ ಕಟ್ಟಬೇಡಿ. ಯಾವ ಪ್ರಶ್ನೆಗೆ, ಎಷ್ಟು ಅಂಕ, ಏಕೆ ಬರಬೇಕಿತ್ತು ಎಂದು ಬೆರಳಿಟ್ಟು ತೋರಿಸಲು ಆದರೆ ಕಟ್ಟಿ.

ನಮ್ಮ ಹುಡುಗಿಯ ವಿಷಯಕ್ಕೆ ಇದನ್ನು ಅನ್ವಯಿಸಿ ನೋಡೋಣ. ವಿಜ್ಞಾನದಲ್ಲಿ ಅವಳಿಗೆ ಬೇಕಿರುವುದು ಎರಡೇ ಅಂಕ. ಒಂದು ಚಿತ್ರಕ್ಕೆ ಭಾಗಗಳ ಹೆಸರು ಬರೆದದ್ದನ್ನು ಗಮನಿಸದೆ ಹೋಗಿದ್ದರೂ ಅಷ್ಟು ಸಿಕ್ಕಿಬಿಡಬಹುದು. ಆದ್ದರಿಂದ ವಿಜ್ಞಾನದ ಪ್ರತಿ ತರಿಸುವುದು ನ್ಯಾಯ. ಗಣಿತದಲ್ಲಿ ಅವಳು ಬರೆದದ್ದೇ ಕೆಲವು ಪ್ರಶ್ನೆ, ಉಳಿದ ಪುಟ ಖಾಲಿ. ಖಾಲಿ ಪುಟಕ್ಕೆ ಯಾವ ಮೌಲ್ಯಮಾಪಕರೂ ಅಂಕ ಕೊಡಲಾರರು. ಆ ಹಣವನ್ನೂ, ಅದಕ್ಕಿಂತ ಮುಖ್ಯವಾಗಿ ಆ ದಿನಗಳನ್ನೂ ಪರೀಕ್ಷೆ-2ರ ತಯಾರಿಗೆ ಇಟ್ಟುಕೊಳ್ಳಲಿ.

ಮೂರು ವಾರದಲ್ಲಿ ಗಣಿತ ಕಲಿಯಲು ಆಗುತ್ತದೆಯೇ? ಪೂರ್ತಿ ಆಗುವುದಿಲ್ಲ. ಆದರೆ 80ಕ್ಕೆ 8 ಇದ್ದದ್ದು 25, 30ಕ್ಕೆ ಏರಲು ಆಗುತ್ತದೆ, ಅದನ್ನು ಕಣ್ಣಾರೆ ಕಂಡಿದ್ದೇನೆ. ಇತ್ತೀಚಿನ ವರ್ಷಗಳ ಪ್ರಶ್ನೆಪತ್ರಿಕೆಯಲ್ಲಿ 38 ಪ್ರಶ್ನೆಗಳು. ಮೊದಲ ಹದಿನಾರು ಒಂದೊಂದು ಅಂಕದವು, ಅದರಲ್ಲಿ ಎಂಟು ಬಹು ಆಯ್ಕೆಯವು. ಆಮೇಲೆ ಎರಡು, ಮೂರು, ನಾಲ್ಕು ಅಂಕದವು, ಕೊನೆಗೆ ಐದು ಅಂಕದ್ದೊಂದು. ಗಣಿತದಲ್ಲಿ ಹಿಂದುಳಿದ ಮಗುವಿಗೆ ಪಠ್ಯಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ಓದಿಸುವುದು ವ್ಯರ್ಥ. ಕೆಲವೇ ಘಟಕಗಳನ್ನು ಹಿಡಿದು ಗಟ್ಟಿ ಮಾಡಬೇಕು.

ನಾನಾದರೆ ನಕ್ಷೆಯಿಂದ ಶುರುಮಾಡುತ್ತೇನೆ. ಎರಡು ರೇಖಾತ್ಮಕ ಸಮೀಕರಣಗಳನ್ನು ನಕ್ಷೆಯ ಮೂಲಕ ಬಿಡಿಸಿ ಎಂಬ ನಾಲ್ಕು ಅಂಕದ ಪ್ರಶ್ನೆ ಮತ್ತೆ ಮತ್ತೆ ಬರುವಂಥದ್ದು. x + y = 6, x − y = 2 ಎಂದು ಕೊಟ್ಟಿದ್ದಾರೆ ಎನ್ನಿ. ಮೊದಲನೆಯದಕ್ಕೆ x ಸೊನ್ನೆಯಾದರೆ y ಆರು, x ಆರಾದರೆ y ಸೊನ್ನೆ. ಎರಡು ಬಿಂದು ಸಿಕ್ಕವು, ಗೆರೆ ಎಳೆಯಿರಿ. ಎರಡನೆಯದಕ್ಕೆ x ಎರಡಾದರೆ y ಸೊನ್ನೆ, x ಐದಾದರೆ y ಮೂರು. ಇನ್ನೊಂದು ಗೆರೆ. ಎರಡೂ ಗೆರೆ x ನಾಲ್ಕು, y ಎರಡು ಇರುವಲ್ಲಿ ಕೂಡುತ್ತವೆ. ಅದೇ ಉತ್ತರ. ಇದಕ್ಕೆ ಬೇಕಾದದ್ದು ಕೂಡುವುದು, ಕಳೆಯುವುದು, ಅಳತೆಪಟ್ಟಿ ಹಿಡಿಯುವುದು. ಅಕ್ಷಗಳ ಮೇಲೆ ಪ್ರಮಾಣ ಬರೆಯುವುದನ್ನು ಮರೆತು ಅಂಕ ಕಳೆದುಕೊಳ್ಳುವವರು ಬಹಳ, ಅದೊಂದನ್ನು ನೆನಪಿಡಿ. ಇದಾದ ಮೇಲೆ ಸಂಖ್ಯಾಶಾಸ್ತ್ರದ ಸರಾಸರಿ, ಸಮಾಂತರ ಶ್ರೇಢಿಯಲ್ಲಿ n ನೇ ಪದ ಕಂಡುಹಿಡಿಯುವುದು, ವರ್ಗಸಮೀಕರಣಕ್ಕೆ ಸೂತ್ರ ಹಾಕುವುದು, ಒಂದೆರಡು ಪ್ರಮೇಯ. ಪ್ರಮೇಯದಲ್ಲಿ ಸಾಧನೆ ಪೂರ್ತಿ ಬರದಿದ್ದರೂ ಚಿತ್ರ, ದತ್ತ, ಸಾಧನೀಯ ಬರೆದರೆ ಅಷ್ಟಕ್ಕೆ ಅಂಕವುಂಟು. ಬಹು ಆಯ್ಕೆಯ ಎಂಟನ್ನೂ ಬಿಡದೆ ಬರೆಯಿರಿ.

ತಯಾರಿ ಸರಿಯಾಗಿ ಸಾಗುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಒಂದೇ ಪರೀಕ್ಷೆ. ಮೊದಲ ವಾರದ ಕೊನೆಗೆ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು, ಪುಸ್ತಕ ಮುಚ್ಚಿ ಬರೆಯಿರಿ. ಬಿಡಿಸಿದ ಲೆಕ್ಕವನ್ನು ನೋಡುತ್ತಾ ‘ಗೊತ್ತಾಯ್ತು’ ಎನ್ನುವುದಕ್ಕೂ ಖಾಲಿ ಹಾಳೆಯ ಮೇಲೆ ಅದನ್ನೇ ಬಿಡಿಸುವುದಕ್ಕೂ ಇರುವ ದೂರ ಅಲ್ಲಿ ತಿಳಿಯುತ್ತದೆ. 15ಕ್ಕಿಂತ ಕಡಿಮೆ ಬಂದರೆ ಹೊಸ ಘಟಕಕ್ಕೆ ಹೋಗದೆ ಹಿಡಿದದ್ದನ್ನೇ ಮತ್ತೆ ಬಿಡಿಸಿ. ಪಾಸಿಗೆ ನಾಲ್ಕೇ ಅಂಕ ಬೇಕಿದ್ದರೂ ನಾಲ್ಕಕ್ಕೇ ಗುರಿಯಿಡಬೇಡಿ. ಪ್ರಶ್ನೆಪತ್ರಿಕೆ ಕೊಂಚ ಕಷ್ಟವಾದರೆ ಅಷ್ಟೂ ಕೈತಪ್ಪುತ್ತದೆ.

ಇನ್ನು ಪಿಯುಸಿಯ ಆಚೆಗಿನ ದಾರಿಗಳು. ಅಂಕ ಕಡಿಮೆ ಬಂದವರಿಗೆ ಎಲ್ಲರೂ ಹೇಳುವ ಹೆಸರು ಐಟಿಐ. ಆದರೆ ಅದರೊಳಗೆ ಏನಿದೆ ಎಂದು ಬಿಡಿಸಿ ಹೇಳುವವರು ಕಡಿಮೆ. ಎಲೆಕ್ಟ್ರಿಷಿಯನ್, ಫಿಟ್ಟರ್‌ನಂಥ ವೃತ್ತಿಗಳಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಎರಡು ವರ್ಷದ ತರಬೇತಿ. ವೆಲ್ಡರ್, ಪ್ಲಂಬರ್, ಹೊಲಿಗೆ ತಂತ್ರಜ್ಞಾನದಂಥ ಕೆಲವಕ್ಕೆ ಎಂಟನೇ ತರಗತಿ ಪಾಸಾಗಿದ್ದರೆ ಸಾಕು, ಒಂದು ವರ್ಷ. ಅಂದರೆ ಎಸ್ಸೆಸ್ಸೆಲ್ಸಿ ಫೇಲಾದವರಿಗೂ ಅಲ್ಲಿ ಬಾಗಿಲಿದೆ. ಆದರೆ ಒಂದು ಮಿತಿಯನ್ನು ಹೇಳಲೇಬೇಕು. ರೈಲ್ವೆಯಲ್ಲಿ, ಸರ್ಕಾರಿ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಕರೆಯುವಾಗ ಐಟಿಐ ಜೊತೆಗೆ ಎಸ್ಸೆಸ್ಸೆಲ್ಸಿ ಪಾಸನ್ನೂ ಕೇಳುವುದು ಸಾಮಾನ್ಯ. ಹಾಗಾಗಿ ವೆಲ್ಡಿಂಗ್ ಕಲಿಯುತ್ತಲೇ ಉಳಿದ ವಿಷಯಗಳನ್ನು ಕಟ್ಟಿ ಪಾಸು ಮಾಡಿಕೊಳ್ಳಿ. ಸೇರುವ ಮುನ್ನ ಆ ಸಂಸ್ಥೆಯ ಆ ವೃತ್ತಿಗೆ ಎನ್‌ಸಿವಿಟಿ ಮಾನ್ಯತೆ ಇದೆಯೇ ಎಂದು ಕೇಳಿ. ಫಲಕದ ಮೇಲೆ ಐಟಿಐ ಎಂದು ಬರೆದಿದ್ದರೆ ಸಾಲದು.

ಎರಡು ವರ್ಷದ ಐಟಿಐ ಮುಗಿಸಿದವರು ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಹೋಗಬಹುದು. ಈ ಮೆಟ್ಟಿಲು ನಿಜವಾಗಿಯೂ ಇದೆ, ಹತ್ತಿದವರೂ ಇದ್ದಾರೆ. ಆದರೆ ಡಿಪ್ಲೊಮಾದ ಮೊದಲ ಸೆಮಿಸ್ಟರಿನಲ್ಲೇ ಗಣಿತ ಎದುರಾಗುತ್ತದೆ. ಲಿಖಿತದಲ್ಲಿ 8 ಬಂದ ಮಗುವನ್ನು, ಪರೀಕ್ಷೆ-2ರಲ್ಲಿ ಹೇಗೋ ಪಾಸಾಯಿತೆಂದು ನೇರವಾಗಿ ಪಾಲಿಟೆಕ್ನಿಕ್‌ಗೆ ತಳ್ಳಿದರೆ ಅಲ್ಲಿ ಮತ್ತೆ ಇದೇ ದಿನವನ್ನು ನೋಡಬೇಕಾಗುತ್ತದೆ. ಅಂಥ ಮಗುವಿಗೆ ಕೈಕೆಲಸದ ಮೂಲಕ ಅಳತೆ, ಲೆಕ್ಕ ಕಲಿಯುವ ಐಟಿಐಯ ಎರಡು ವರ್ಷ ಹೆಚ್ಚು ಹಿತ ಎಂಬುದು ನನ್ನ ಅಭಿಪ್ರಾಯ. ನಮ್ಮ ಹುಡುಗಿಯಂತೆ ಭಾಷೆಯಲ್ಲಿ ಮುಂದಿರುವವರಿಗೆ ಪಿಯುಸಿಯ ಕಲಾ ವಿಭಾಗ ಇದೆ. ಅದನ್ನು ಬೇರೆ ದಾರಿಯಿಲ್ಲದವರ ವಿಭಾಗ ಎಂದು ನೋಡುವ ರೂಢಿ ನಮ್ಮಲ್ಲಿದೆ, ಅದು ತಪ್ಪು. ಕನ್ನಡದಲ್ಲಿ 85 ತೆಗೆದವಳಿಗೆ ಅದು ಅವಳ ಬಲವಿರುವ ಕಡೆ.

ಗಣಿತ ಎಷ್ಟು ಸಲ ಬರೆದರೂ ಆಗುತ್ತಲೇ ಇಲ್ಲ ಎನ್ನುವವರಿಗೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಇದೆ. ಅಲ್ಲಿ ಹತ್ತನೇ ತರಗತಿಗೆ ಐದು ವಿಷಯ, ಗಣಿತ ಕಡ್ಡಾಯವಲ್ಲ. ಮಂಡಳಿಯಲ್ಲಿ ಪಾಸಾದ ಎರಡು ವಿಷಯಗಳವರೆಗಿನ ಅಂಕವನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಯಾವ ಮಾಧ್ಯಮದಲ್ಲಿ ಪುಸ್ತಕ ಮತ್ತು ಪರೀಕ್ಷೆ ಇದೆ ಎಂಬುದನ್ನು ಸೇರುವ ಮೊದಲೇ ವಿಚಾರಿಸಿಕೊಳ್ಳಿ. ಗಣಿತವಿಲ್ಲದೆ ಪಾಸಾದರೆ ಮುಂದೆ ಗಣಿತ ಬೇಕಾದ ಕೋರ್ಸುಗಳಿಗೆ ಹೋಗಲು ಆಗುವುದಿಲ್ಲ ಎಂಬುದನ್ನೂ ಅರಿತೇ ಆರಿಸಿಕೊಳ್ಳಿ.

ಈ ವಾರ ಬಸ್ ನಿಲ್ದಾಣಗಳಲ್ಲಿ, ಕರೆಂಟು ಕಂಬಗಳ ಮೇಲೆ ‘ಫೇಲಾದವರಿಗೆ ನೇರ ಪಾಸ್’ ಎಂಬ ಚೀಟಿಗಳು ಕಾಣಿಸಿಕೊಳ್ಳುತ್ತವೆ. ಕೇಳರಿಯದ ಯಾವುದೋ ಮಂಡಳಿಯ ಅಂಕಪಟ್ಟಿ ತರಿಸಿಕೊಡುತ್ತೇವೆ ಎಂದು ಸಾವಿರಾರು ರೂಪಾಯಿ ಕೇಳುತ್ತಾರೆ. ಅದು ನಕಲಿಯೆಂದು ಗೊತ್ತಾಗುವುದು ಪ್ರವೇಶದ ವೇಳೆಗೋ, ಕೆಲಸಕ್ಕೆ ಸೇರಿ ದಾಖಲೆ ಪರಿಶೀಲನೆಗೆ ಹೋದಾಗಲೋ. ಪರೀಕ್ಷೆ ಬರೆಯದೆ ಅಂಕಪಟ್ಟಿ ಕೊಡುವವರು ಯಾರೇ ಆಗಲಿ, ಅವರ ಜೊತೆ ಮಾತು ಬೆಳೆಸಬೇಡಿ.

ನಾಳೆ ಬೆಳಿಗ್ಗೆ ಶಾಲೆಗೆ ಹೋಗುವಾಗ ಪ್ರವೇಶ ಪತ್ರ ಮತ್ತು ಫಲಿತಾಂಶದ ಮುದ್ರಿತ ಪ್ರತಿ ಇಟ್ಟುಕೊಳ್ಳಿ. ಅಲ್ಲಿ ಕೇಳಬೇಕಾದದ್ದು ಮೂರೇ: ಪರೀಕ್ಷೆ-2ರ ನೋಂದಣಿಗೆ ಕೊನೆಯ ದಿನ ಯಾವುದು, ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಲು ಕೊನೆಯ ದಿನ ಯಾವುದು, ಶಾಲೆಯಲ್ಲಿ ವಿಶೇಷ ತರಗತಿ ನಡೆಸುತ್ತಾರೆಯೇ. ಅಪ್ಪನೋ ಅಮ್ಮನೋ ಜೊತೆಗೆ ಹೋಗಿ. ಕಡಿಮೆ ಅಂಕ ತೆಗೆದ ಮಗು ಆ ದಿನ ಶಾಲೆಯ ಗೇಟಿನೊಳಗೆ ಒಂಟಿಯಾಗಿ ಕಾಲಿಡಲು ಬಹಳ ಹಿಂಜರಿಯುತ್ತದೆ, ಆ ಹಿಂಜರಿಕೆಯಲ್ಲೇ ಎಷ್ಟೋ ಮಕ್ಕಳ ನೋಂದಣಿಯ ದಿನ ದಾಟಿಹೋಗುತ್ತದೆ.